ಹನ್ನೆರಡೂವರೆಗೆ ನಿಲ್ಲುವ ಪಂಪು

ಅರಸೀಕೆರೆ ಕಡೆಯ ತೆಂಗಿನ ತೋಟ. 10 ಎಚ್‌ಪಿ ಸೋಲಾರ್ ಪಂಪು ಬಿಸಿಲೇರಿದ ಮೇಲೆ ಚೆನ್ನಾಗಿ ಓಡಿ, ಹನ್ನೆರಡೂವರೆ ಹೊತ್ತಿಗೆ ಟ್ರಿಪ್ ಆಗುತ್ತಿತ್ತು. ಬಿಸಿಲಿಗೆ ತಕ್ಕಂತೆ ಮೋಟಾರಿನ ವೇಗ ಹೊಂದಿಸುವ ಡ್ರೈವ್ ತೋರಿಸುತ್ತಿದ್ದದ್ದು ಡ್ರೈ ರನ್, ಅಂದರೆ ಪಂಪು ನೀರಿಲ್ಲದೆ ಓಡುತ್ತಿದೆ ಅಂತ. "ಬೋರಲ್ಲಿ ನೀರು ಕಮ್ಮಿಯಾಗಿದೆ ಯಜಮಾನ್ರೇ" ಅಂತ ನಾನೂ ಹೇಳಿಬಿಟ್ಟೆ. ಮಧ್ಯಾಹ್ನ ಪಂಪು ಪೂರ್ತಿ ವೇಗದಲ್ಲಿ ಎಳೆಯುತ್ತದೆ, ಒರತೆ ಸಾಲದಿದ್ದರೆ ಮಟ್ಟ ಇಳಿಯುತ್ತದೆ, ನಂಬುವಂಥ ಮಾತೇ.

ಇನ್ನೆರಡು ಪೈಪು ಇಳಿಸಲು ಗಾಡಿ ಕರೆಸುವ ಯೋಚನೆಯಲ್ಲಿದ್ದ ಅವರು ಅಂದರು: "ನಿಲ್ಲೋಕ್ ಮುಂಚೆ ನೀರು ಬುಸುಬುಸು ಅನ್ನಲ್ಲ ಕಣಪ್ಪ, ಸುಮ್ನೆ ಸಣ್ಣ ಆಗ್ತದೆ."

ಅಲ್ಲೇ ನನಗೆ ಅನುಮಾನ ಬಂತು. ಬೋರು ಖಾಲಿಯಾದರೆ ಪೈಪಿನಲ್ಲಿ ಗಾಳಿ ಬರುತ್ತದೆ, ಹರ್ಟ್ಸ್, ಅಂದರೆ ಮೋಟಾರಿನ ವೇಗ, ಮೇಲೇ ಇದ್ದು ಆಂಪ್ ಮಾತ್ರ ಬೀಳುತ್ತದೆ. ಮಾರನೇ ದಿನ ಡ್ರೈವ್ ಮುಂದೆ ಕೂತೆ. ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ. 48 ಹರ್ಟ್ಸ್, 16 ಆಂಪ್ ಇದ್ದದ್ದು ಇದ್ದಕ್ಕಿದ್ದಂತೆ 36 ಹರ್ಟ್ಸ್, 9 ಆಂಪ್‌ಗೆ ಇಳಿಯಿತು. ಹತ್ತು ಸೆಕೆಂಡಿಗೆ ಟ್ರಿಪ್.

ಎರಡೂ ಒಟ್ಟಿಗೆ ಇಳಿದರೆ ಅದು ಬಿಸಿಲು ಕಮ್ಮಿಯಾದ ಲಕ್ಷಣ. ಡ್ರೈ ರನ್ ಮಿತಿಯನ್ನು ಯಾರೋ 10 ಆಂಪ್‌ಗೆ ಕಟ್ಟಿಟ್ಟಿದ್ದರು, ವೇಗ ಎಷ್ಟೇ ಇರಲಿ. ನಿಧಾನಕ್ಕೆ ತಿರುಗುವ ಮೋಟಾರು ಕಮ್ಮಿ ಆಂಪ್ ತಾನೇ ಎಳೆಯುವುದು? ಡ್ರೈವ್ ಅದನ್ನೇ ಒಣ ಬೋರು ಅಂದುಕೊಂಡಿತ್ತು.

ಆದರೆ ಮೋಡವಿಲ್ಲದೆ ಬಿಸಿಲು ಹೋದದ್ದೆಲ್ಲಿಗೆ? ತಲಾ 16 ಪ್ಯಾನೆಲ್‌ಗಳ ಎರಡು ಸಾಲು ಪ್ಯಾರಲಲ್ ಆಗಿ ಬರುತ್ತವೆ. ನಿಂತ ಮೇಲೆ ವೋಲ್ಟೇಜ್ ನೋಡಿದರೆ ಎರಡೂ ಸರಿಯಾಗಿವೆ. ಹಿಂದಿನ ಸಲ ನಾನು ಮೋಸ ಹೋಗಿದ್ದೂ ಅಲ್ಲೇ. ಕರೆಂಟ್ ಹರಿಯದಾಗ ಸಡಿಲ ಜೋಡಣೆ ಕೂಡ ಪೂರ್ತಿ ವೋಲ್ಟ್ ತೋರಿಸುತ್ತದೆ. ಈ ಸಲ ಪಂಪು ಓಡುತ್ತಿರುವಾಗಲೇ ಒಂದೊಂದು ಸಾಲಿನ ವೈರಿಗೂ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ಕಾದೆ. ಮೊದಲು 8 ಮತ್ತು 8 ಆಂಪ್. ವೇಗ ಬಿದ್ದ ಕ್ಷಣಕ್ಕೆ ಒಂದು 8, ಇನ್ನೊಂದು ಸೊನ್ನೆ. ಮೋಡವಾಗಿದ್ದರೆ ಎರಡೂ ಒಂದೇ ಸಮ ಇಳಿಯಬೇಕಿತ್ತು.

ಡ್ರೈವ್ ನಿಲ್ಲಿಸಿ, ಐಸೊಲೇಟರ್ ಆಫ್ ಮಾಡಿ (ಓಡುವಾಗ ಕನೆಕ್ಟರ್ ಎಳೆದರೆ ಡಿಸಿ ಕಿಡಿ ಕೈ ಸುಡುತ್ತದೆ) ಆ ಸಾಲಿನ ಕನೆಕ್ಟರ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದೆ. ಏಳನೇ ಪ್ಯಾನೆಲ್ ಕೆಳಗಿನದು ಬಿಸಿಯಾಗಿತ್ತು, ಬಾಯಿ ಕಂದುಬಣ್ಣಕ್ಕೆ ತಿರುಗಿತ್ತು. ಒಂದು ತುಂಡು ಪ್ಯಾನೆಲ್ ಜೊತೆ ಬಂದದ್ದು, ಇನ್ನೊಂದು ಪೇಟೆಯಲ್ಲಿ ಕೊಂಡ ಬೇರೆ ಮಾಡೆಲ್ಲು. ಹೊರಗಿಂದ ಸಿಕ್ಕಿಕೊಂಡರೂ ಒಳಗಿನ ಪಿನ್ನು ಪೂರ್ತಿ ಅಪ್ಪಿರಲಿಲ್ಲ. ಮಧ್ಯಾಹ್ನದ ಕರೆಂಟಿಗೆ ಕಾದು ಬಿಡುತ್ತಿತ್ತು, ಆರಿದರೆ ಮತ್ತೆ ಕೂಡುತ್ತಿತ್ತು.

ಎರಡೂ ತುಂಡು ಒಂದೇ ಮಾಡೆಲ್ಲಿನದು ಹಾಕಿ ಕ್ರಿಂಪ್ ಮಾಡಿದೆ. ಡ್ರೈ ರನ್ ಮಿತಿಯನ್ನು ವೇಗಕ್ಕೆ ತಕ್ಕಂತೆ ಮತ್ತೆ ಕಟ್ಟಿದೆ. ಯಜಮಾನರು ಪೈಪಿನ ಗಾಡಿಯವನಿಗೆ ಬರಬೇಡ ಅಂತ ಫೋನ್ ಮಾಡುವಾಗ ನಾನು ತಲೆ ತಗ್ಗಿಸಿ ಟೂಲ್ಸ್ ಜೋಡಿಸುತ್ತಿದ್ದೆ.