ತೋಳವೋ, ನಾಯಿಯೋ, ಎರಡೂ ಸೇರಿದ್ದೋ: ಫೋಟೊ ನೋಡಿ ಹೆಸರು ಬರೆಯುವವರ ಪಾಡು

ಉತ್ತರ ಕರ್ನಾಟಕದ ಹುಲ್ಲುಗಾವಲುಗಳ ಒಂದು ಸಮೀಕ್ಷೆಯಲ್ಲಿ ಬಂದ ಫೋಟೊಗಳನ್ನು ನೋಡಿ ಪ್ರಾಣಿಯ ಹೆಸರು ದಾಖಲಿಸುವುದು ನನ್ನ ಕೆಲಸ. ಕೆಲವು ಕ್ಯಾಮೆರಾ ಟ್ರ್ಯಾಪ್‌ನವು, ಕೆಲವು ಕುರಿಗಾಹಿಗಳು ಮೊಬೈಲಿನಲ್ಲಿ ತೆಗೆದವು. ನರಿ, ಕತ್ತೆಕಿರುಬ, ಕೃಷ್ಣಮೃಗ ಬಂದರೆ ಒಂದು ಕ್ಷಣದ ಕೆಲಸ. ಕೈ ನಿಲ್ಲುವುದು ತೋಳದ ಹಾಗೆ ಕಂಡೂ ತೋಳ ಅನ್ನಿಸದ ಪ್ರಾಣಿ ಬಂದಾಗ.

ಗದಗ ಕಡೆಯಿಂದ ಬಂದ ಒಂದು ಫೋಟೊ ಹೇಳುತ್ತೇನೆ. ಸಂಜೆ ಹೊತ್ತು, ಜೋಳದ ಕೂಳೆ ಹೊಲ, ಮೂರು ಪ್ರಾಣಿಗಳು. ಎರಡು ಬೂದು ಬಣ್ಣದವು, ನೋಡಿದ ತಕ್ಷಣ ತೋಳ. ಮೂರನೆಯದು ಹಳದಿ ಮಿಶ್ರಿತ ಕಂದು, ಮುಂಗಾಲಿನ ತುದಿ ಬಿಳಿ, ಬಾಲ ಮೇಲಕ್ಕೆ ಬಾಗಿದೆ. ನೋಡಿದವರೆಲ್ಲ 'ಇದು ಕ್ರಾಸ್' ಎಂದರು. ಇರಬಹುದು. ಆದರೆ ಒಂದೊಂದೇ ಲಕ್ಷಣ ಹಿಡಿದು ನೋಡಿದರೆ ಆ ಧೈರ್ಯ ಕಡಿಮೆಯಾಗುತ್ತದೆ.

ಮೊದಲು ಬಣ್ಣ. ಸಂಜೆ ಬಿಸಿಲಿನಲ್ಲಿ ಎಲ್ಲ ತೋಳವೂ ಸ್ವಲ್ಪ ಹಳದಿಯೇ. ಇಲ್ಲಿ ನಮಗೆ ಅದೃಷ್ಟವಿತ್ತು. ಅದೇ ಬೆಳಕಿನಲ್ಲಿ ಪಕ್ಕದ ಎರಡು ಪ್ರಾಣಿಗಳು ಬೂದಾಗಿಯೇ ಕಂಡಿವೆ. ಹಾಗಾಗಿ ಮೂರನೆಯದರ ಬಣ್ಣ ಬೆಳಕಿನ ಆಟವಲ್ಲ, ಮೈಯದೇ ಬಣ್ಣ ಎಂದು ಬರೆಯಬಹುದು. ಅದು ಒಂಟಿಯಾಗಿದ್ದರೆ ಇಷ್ಟೂ ಹೇಳಲಾಗುತ್ತಿರಲಿಲ್ಲ. ರಾತ್ರಿಯ ಇನ್‌ಫ್ರಾರೆಡ್ ಫೋಟೊ ಆಗಿದ್ದರಂತೂ ಬಣ್ಣದ ಮಾತೇ ಎತ್ತುವ ಹಾಗಿಲ್ಲ, ಅದರಲ್ಲಿ ಎಲ್ಲವೂ ಕಪ್ಪು ಬಿಳುಪು.

ಬಾಲ ಇನ್ನೂ ಕಷ್ಟ. ತೋಳದ ಬಾಲ ಸಾಮಾನ್ಯವಾಗಿ ನೇರವಾಗಿ ಕೆಳಗೆ ಇಳಿಬಿದ್ದಿರುತ್ತದೆ, ಬಹಳಷ್ಟು ನಾಯಿಗಳದ್ದು ಸುರುಳಿ. ಆದರೆ ಗುಂಪಿನಲ್ಲಿ ಜೋರು ತೋರಿಸುವಾಗ ತೋಳವೂ ಬಾಲ ಎತ್ತುತ್ತದೆ. ಒಂದು ಫ್ರೇಮಿನಲ್ಲಿ ಸಿಕ್ಕಿದ ಬಾಗು ಹುಟ್ಟಿನಿಂದ ಬಂದದ್ದೋ, ಆ ಕ್ಷಣದ ಗತ್ತೋ ಗೊತ್ತಾಗುವುದಿಲ್ಲ. ಉದ್ದ ಕಾಲು, ಕಿರಿದಾದ ಎದೆ ತೋಳದ ಲಕ್ಷಣವೇ ಹೌದು. ಆದರೆ ಇದು ಮುಧೋಳ ನಾಯಿಯ ಸೀಮೆ. ದೂರದಿಂದ ತೆಗೆದ ಫೋಟೊದಲ್ಲಿ ಅದರ ಕಾಲು, ಸೊಂಟ ನೋಡಿ ಯಾರಿಗಾದರೂ ಅನುಮಾನ ಬರುತ್ತದೆ. ಬೇಸಿಗೆಯಲ್ಲಿ ಕೂದಲು ಉದುರಿದ ತೋಳ, ಕಜ್ಜಿ ಹಿಡಿದ ತೋಳ ಬೀದಿನಾಯಿಯ ಹಾಗೇ ಕಾಣುವುದೂ ಉಂಟು.

ಇನ್ನು ಜೊತೆ. ತೋಳಗಳ ಜೊತೆ ಓಡಾಡುತ್ತಿದೆ ಅನ್ನುವುದು ಒಳ್ಳೆಯ ಸುಳಿವು. ಆದರೆ ಅದು ಯಾರ ಜೊತೆ ಇದೆ ಅನ್ನುವುದರ ಸುಳಿವು, ಯಾರಿಗೆ ಹುಟ್ಟಿದ್ದು ಅನ್ನುವುದರದ್ದಲ್ಲ.

ಸಿಕ್ಕು ಇರುವುದು ಇಲ್ಲೇ. ಮಿಶ್ರತಳಿ ಅನ್ನುವುದು ಅಪ್ಪ ಅಮ್ಮನ ಬಗ್ಗೆ ಹೇಳುವ ಮಾತು. ಫೋಟೊ ತೋರಿಸುವುದು ಮೈಯನ್ನು ಮಾತ್ರ. ತೋಳಕ್ಕೂ ನಾಯಿಗೂ 78 ಕ್ರೋಮೋಸೋಮುಗಳು, ಆದ್ದರಿಂದ ಹೇಸರಗತ್ತೆಯ ಹಾಗೆ ಇಲ್ಲಿ ಸಂತಾನ ನಿಲ್ಲುವುದಿಲ್ಲ. ಮರಿಗಳು ಬೆಳೆದು ಮತ್ತೆ ಮರಿ ಹಾಕುತ್ತವೆ. ಮೊದಲ ತಲೆಮಾರಿನಲ್ಲಿ ಅರ್ಧ ನಾಯಿ. ಅದು ತೋಳದ ಜೊತೆ ಕೂಡಿದರೆ ಮರಿಯಲ್ಲಿ ಸರಾಸರಿ 25 ಶೇಕಡ ನಾಯಿ, ಮುಂದಿನದರಲ್ಲಿ 12.5. ಎರಡು ಮೂರು ಸುತ್ತು ಕಳೆದರೆ ಬಹಳ ಸಲ ನೋಡುವುದಕ್ಕೆ ಅಪ್ಪಟ ತೋಳ. ಒಂದೇ ಸೂಲಿನ ಮರಿಗಳಲ್ಲೂ ಒಂದು ಅಜ್ಜಿಯ ಹಾಗೆ, ಇನ್ನೊಂದು ಅಜ್ಜನ ಹಾಗೆ ಇರಬಹುದು. ಮೈಬಣ್ಣವನ್ನು ನಿರ್ಧರಿಸುವುದು ಕೆಲವೇ ಜೀನುಗಳು, ಅವು ಉಳಿದ ರಕ್ತದ ಲೆಕ್ಕ ಹೇಳುವುದಿಲ್ಲ.

ಇದಕ್ಕೆ ಎರಡು ತುದಿಯ ಉದಾಹರಣೆಗಳಿವೆ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕಪ್ಪು ತೋಳಗಳು ಬಹಳ. ಆ ಕಪ್ಪು ಬಣ್ಣದ ಜೀನು ಬಂದದ್ದು ನಾಯಿಗಳಿಂದ, ತುಂಬಾ ಹಿಂದೆ ಎಂದು 2009ರ ಸಂಶೋಧನೆ ತೋರಿಸಿತು. ಬಣ್ಣ ನಾಯಿಯದು, ಪ್ರಾಣಿ ಮಾತ್ರ ತೋಳವೇ. ಇನ್ನೊಂದು ತುದಿಯಲ್ಲಿ ಚೆಕೊಸ್ಲೊವಾಕಿಯಾದ ವುಲ್ಫ್‌ಡಾಗ್. 1955ರಲ್ಲಿ ಜರ್ಮನ್ ಶೆಫರ್ಡ್‌ಗೂ ಅಲ್ಲಿನ ತೋಳಕ್ಕೂ ಕೂಡಿಸಿ ಶುರು ಮಾಡಿದ ತಳಿ. ನೋಡುವುದಕ್ಕೆ ಪಕ್ಕಾ ತೋಳ, ರಕ್ತದಲ್ಲಿ ಜಾಸ್ತಿ ಪಾಲು ನಾಯಿ.

(2025ರಲ್ಲಿ ಬೆಂಗಳೂರಿನವರೊಬ್ಬರು 50 ಕೋಟಿ ರೂಪಾಯಿಗೆ 'ತೋಳನಾಯಿ' ಕೊಂಡೆ ಎಂದ ಸುದ್ದಿ ಬಂತಲ್ಲ, ಆಗ ಪರಿಚಯದವರೆಲ್ಲ ಫೋಟೊ ಕಳಿಸಿ 'ನಿಜವಾ?' ಎಂದು ಕೇಳಿದ್ದರು. ಆ ವಿಷಯ ಇ.ಡಿ.ವರೆಗೂ ಹೋಯಿತು. ಫೋಟೊ ನೋಡಿ ಹೌದು ಅಂತಲೂ ಇಲ್ಲ ಅಂತಲೂ ಹೇಳಲು ನನ್ನಿಂದ ಆಗಲಿಲ್ಲ.)

ಪುಣೆ ಸುತ್ತಲಿನ ಹುಲ್ಲುಗಾವಲಿನಲ್ಲಿ ಇದೇ ರೀತಿ ಹಳದಿ ಛಾಯೆಯ ಪ್ರಾಣಿಗಳು ತೋಳಗಳ ನಡುವೆ ಕಂಡಿದ್ದವು. ಅನುಮಾನ ಫೋಟೊದಿಂದಲೇ ಹುಟ್ಟಿತು. ಅದು ಖಚಿತವಾದದ್ದು ಮಾತ್ರ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಏಟ್ರೀ ಸಂಸ್ಥೆಗಳ ಸಂಶೋಧಕರು ಜೀನೋಮ್ ಓದಿದ ಮೇಲೆ, 2023ರಲ್ಲಿ. ಇಲ್ಲೂ ಒಂದು ಎಚ್ಚರ ಬೇಕು. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಯುರೋಪಿನಲ್ಲಿ ಸಿಕ್ಕಿದ ಇಂಥ ಪ್ರಾಣಿಗಳಲ್ಲಿ ಬಹುಪಾಲು ತಾಯಿ ತೋಳ, ತಂದೆ ನಾಯಿ. ಅಂದರೆ ಅದೊಂದನ್ನೇ ಪರೀಕ್ಷಿಸಿದರೆ ಮಿಶ್ರತಳಿಯೂ 'ತೋಳ' ಎಂದೇ ಬರುತ್ತದೆ. ಕೋಶಕೇಂದ್ರದ ಡಿಎನ್‌ಎ ನೋಡಲೇಬೇಕು. ಬುಡ ಸಮೇತ ಕಿತ್ತ ಕೂದಲು ಅಥವಾ ತಾಜಾ ಹಿಕ್ಕೆ ಸಿಕ್ಕರೆ ಕೆಲಸ ನಡೆಯುತ್ತದೆ.

ನಾವು ಬರೆಯುವ ಹೆಸರಿಗೆ ಬೆಲೆ ಇದೆ. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ನಾಯಿ ಆ ಪಟ್ಟಿಯಲ್ಲಿಲ್ಲ. ಆ ಹೊಲದ ಹತ್ತಿರ ಕುರಿ ಕಳೆದುಕೊಂಡಿದ್ದ ಒಬ್ಬ ಹಿರಿಯರು ಫೋನಿನಲ್ಲಿ ನೇರವಾಗಿ ಕೇಳಿದರು: 'ನೀವು ನಾಯಿ ಅಂತ ಬರದ್ರ ನನಗ ಪರಿಹಾರ ಬರೂದಿಲ್ರಿ ಸರ. ಏನಂತ ಬರೀತೀರಿ?' ನಮ್ಮ ಸೀನಿಯರ್ ಮೇಡಂ ಇದಕ್ಕೆ ಒಂದು ಸಾಲು ಹೇಳಿಕೊಟ್ಟರು: 'ಕಣ್ಣಿಗೆ ಕಂಡದ್ದು ಒಂದು ಕಡೆ, ಊಹೆ ಇನ್ನೊಂದು ಕಡೆ. ಎರಡನ್ನೂ ಒಂದೇ ಸಾಲಿಗೆ ಹಾಕಬೇಡಿ.'

ಹಾಗಾಗಿ ಈಗ ಇಂಥ ಅನುಮಾನದ ಪ್ರಾಣಿ ಬಂದರೆ ನಮ್ಮ ದಾಖಲೆಯಲ್ಲಿ ಜಾತಿಯ ಕಾಲಮಿನಲ್ಲಿ `Canis sp.` ಎಂದು ಹಾಕುತ್ತೇವೆ. ಕುಲ ಖಚಿತ, ಪ್ರಭೇದ ಬಾಕಿ ಎಂದು ಅದರರ್ಥ. ಟಿಪ್ಪಣಿಯಲ್ಲಿ ಆ ಮೂರನೆಯ ಪ್ರಾಣಿಗೆ ಹೀಗೆ ಬರೆದೆವು:

'ಮೈ ಹಳದಿ ಕಂದು, ಅದೇ ಬೆಳಕಿನಲ್ಲಿ ಜೊತೆಯ ಎರಡು ತೋಳಗಳು ಬೂದು. ಎರಡೂ ಮುಂಗಾಲಿನ ತುದಿ ಬಿಳಿ. ಬಾಲ ಮೇಲಕ್ಕೆ ಬಾಗಿದೆ, ಒಂದೇ ಫ್ರೇಮ್. ಹಿಂಗಾಲಿನ ಪಾದ ಕೂಳೆಯಲ್ಲಿ ಮುಚ್ಚಿದೆ, ಕಣ್ಣಿನ ಬಣ್ಣ ಕಾಣುವುದಿಲ್ಲ. ಊಹೆ: ಶಂಕಿತ ಮಿಶ್ರತಳಿ, ಅಥವಾ ಬಣ್ಣ ಬೇರೆಯಾದ ತೋಳ, ಅಥವಾ ಹಿಂಡಿನ ಜೊತೆ ಸೇರಿದ ನಾಯಿ. ಡಿಎನ್‌ಎ ಮಾದರಿ ಇಲ್ಲ.'

ಕಾಣದೇ ಹೋದದ್ದನ್ನೂ ಬರೆಯುವುದು ಸುಮ್ನೆ ಅಲ್ಲ. ತೋಳದ ಹಿಂಗಾಲಿನಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಉಗುರು ಇರುವುದಿಲ್ಲ, ಕೆಲವು ನಾಯಿಗಳಲ್ಲಿ ಇರುತ್ತದೆ. ಇಟಲಿಯಲ್ಲಿ ತೋಳಗಳಲ್ಲಿ ನಾಯಿಯ ರಕ್ತ ಬೆರೆತಿರಬಹುದು ಎಂಬುದಕ್ಕೆ ಅದನ್ನು ಒಂದು ಸುಳಿವಾಗಿ ಹಿಡಿಯುತ್ತಾರೆ. ಪಾದ ಮುಚ್ಚಿದೆ ಎಂದು ಬರೆಯದಿದ್ದರೆ, ಆ ಉಗುರು ಇರಲಿಲ್ಲ ಎಂದು ನಂತರ ಓದುವವರು ತಿಳಿದುಕೊಳ್ಳುತ್ತಾರೆ. '70 ಶೇಕಡ ತೋಳ' ಅನ್ನುವಂಥ ಅಂಕಿಯನ್ನು ಮಾತ್ರ ಎಂದೂ ಬರೆಯುವುದಿಲ್ಲ, ಫೋಟೊದಿಂದ ಆ ಅಂಕಿ ಹುಟ್ಟುವ ದಾರಿಯೇ ಇಲ್ಲ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಫೋಟೊದಲ್ಲಿ ಮೂರು ಪ್ರಾಣಿಗಳಿವೆ, ಅದರಲ್ಲಿ ಎರಡು ತೋಳ ಎಂದು ದಾಖಲಾಗಿವೆ. ಕುರಿಯನ್ನು ಯಾವುದು ಹಿಡಿಯಿತು ಎಂದು ಫೋಟೊ ಹೇಳುವುದಿಲ್ಲ. ಅದಕ್ಕೆ ಕಚ್ಚಿದ ಗುರುತು, ಹೆಜ್ಜೆ ನೋಡಬೇಕು, ಇವತ್ತೇ ಫಾರೆಸ್ಟ್ ಗಾರ್ಡ್‌ನ ಕರೆಸಿ, ಕಳೇಬರ ಅಲ್ಲೇ ಇರಲಿ.