ರಶೀದಿ ಪುಸ್ತಕ 14: ಆ 450 ರೂಪಾಯಿ ಎಲ್ಲಿ?

ಉಡುಪಿ ಹತ್ತಿರದ ನಮ್ಮೂರ ದೇವಸ್ಥಾನದ ಹಿಂದಿನ ಬ್ರಹ್ಮಕಲಶದ ವಂತಿಗೆ ಪುಸ್ತಕಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸ 15ನೇ ಪುಸ್ತಕದವರೆಗೆ ಬಂದಿದೆ. ಈ ಸಲದ ಆಮಂತ್ರಣಕ್ಕೆ ಹಳೆ ದಾನಿಗಳ ಪಟ್ಟಿ ಬೇಕು, ಮೊತ್ತವೂ ತಾಳೆಯಾಗಬೇಕು ಅಂತ ಸಮಿತಿಯವರು ಹೇಳಿದ್ದಾರೆ.

ಒಂದು ಪುಸ್ತಕಕ್ಕೆ 50 ರಶೀದಿ. ಬಿಳಿ ಹಾಳೆ ದಾನಿಗೆ ಹೋಗಿದೆ, ಕಾರ್ಬನ್ ಬಿದ್ದ ಹಳದಿ ಹಾಳೆ ಪುಸ್ತಕದಲ್ಲೇ ಉಳಿದಿದೆ. ಮೊದಲು ನಂಬರುಗಳನ್ನು ಮಾತ್ರ ಸಾಲಾಗಿ ತುಂಬಿಸಿಕೊಳ್ಳುತ್ತೇನೆ, ಹೆಸರು ಆಮೇಲೆ. ಆಗ ರದ್ದಾದ ರಶೀದಿಗೂ ಒಂದು ಸಾಲು ಇರುತ್ತದೆ. ರದ್ದಾದದ್ದರ ಬಿಳಿ ಹಾಳೆಯೂ ಪುಸ್ತಕದಲ್ಲೇ ಇರಬೇಕು. ಇಲ್ಲದಿದ್ದರೆ ‘ರದ್ದು’ ಅಂತ ಬರೆದದ್ದನ್ನು ಸುಮ್ನೆ ನಂಬುವ ಹಾಗಿಲ್ಲ.

ಮೊತ್ತಕ್ಕೆ ಎರಡು ಕಾಲಂ. ಅಂಕಿಯಲ್ಲಿ ಇರುವುದನ್ನು ನಾನು ಹೊಡೆಯುತ್ತೇನೆ, ಅಕ್ಷರದಲ್ಲಿ ಇರುವುದನ್ನು ಓದಿ ಅಂಕಿಯಲ್ಲೇ ಹೊಡೆಯುವುದು ತಂಗಿ. ಒಬ್ಬರದ್ದನ್ನು ಇನ್ನೊಬ್ಬರು ನೋಡುವುದಿಲ್ಲ. ಕಾರ್ಬನ್ ಮಾಸಿದ ಕಡೆ ಕನ್ನಡದ ೧ ಮತ್ತು ೦ ಒಂದೇ ಥರ ಕಾಣುತ್ತವೆ. ‘ಐನೂರ ಒಂದು’ ಅಂತ ಬರೆದದ್ದು ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಎರಡೂ ಹೊಂದದಿದ್ದರೆ ಇದು ತೋರಿಸುತ್ತದೆ:

```
=IF(D2=E2,"","ನೋಡಿ")
```

14ನೇ ಪುಸ್ತಕದಲ್ಲಿ ಎರಡೂ ಕಾಲಂ 23,764ಕ್ಕೆ ಬಂದು ನಿಂತವು. ಆದರೆ ಹಿಂದಿನ ರಟ್ಟಿನ ಮೇಲೆ ವಂತಿಗೆ ಎತ್ತಿದವರು ಬರೆದದ್ದು 23,314. ಕ್ಯಾಶ್ ಬುಕ್ಕಿನಲ್ಲಿ ಜಮೆಯಾದದ್ದೂ ಅಷ್ಟೇ. “ಹಾಗಾದ್ರೆ 450 ಎಲ್ಲಿ ಹೋಯ್ತು ಮಾರಾಯ್ರೆ?” ಅಂತ ಸಮಿತಿಯ ಮಾಸ್ಟ್ರು ಕೇಳಿದರು.

450 ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಅಂಕಿ ಹಿಂದುಮುಂದಾದರೆ ಅಥವಾ ಒಂದು ಸೊನ್ನೆ ಬಿಟ್ಟುಹೋದರೆ ವ್ಯತ್ಯಾಸ ಹೀಗೇ ಬರುತ್ತದೆ. ಇದು ಸುಳಿವು ಅಷ್ಟೇ, ಬೇರೆ ಕಾರಣದ ವ್ಯತ್ಯಾಸವೂ ಆಕಸ್ಮಿಕವಾಗಿ ಭಾಗವಾಗಬಹುದು. ನಮ್ಮ ಪುಣ್ಯಕ್ಕೆ ರಟ್ಟಿನ ಮೇಲೆ ಹತ್ತು ಹತ್ತು ರಶೀದಿಗೆ ಒಂದು ಮೊತ್ತ ಬರೆದಿದ್ದರು. ನಾಲ್ಕು ಸರಿ ಇದ್ದವು, 671ರಿಂದ 680ರದ್ದು ಮಾತ್ರ 450 ಕಮ್ಮಿ. ಆ ಹತ್ತರಲ್ಲಿ ಸೊನ್ನೆ ಬಿಟ್ಟರೆ ಅಷ್ಟು ಇಳಿಯುವುದು ಒಂದೇ ಒಂದು: 678ನೇ ರಶೀದಿ, ಮೊತ್ತ 501 ರೂಪಾಯಿ. ಕೂಡುವಾಗ ಅದನ್ನು 51 ಅಂತ ಹಿಡಿದಿದ್ದಾರೆ.

ಕೂಡಿದ್ದು ತಪ್ಪಿರಬಹುದು, ದುಡ್ಡು? 15ನೇ ಪುಸ್ತಕದ ಹಳದಿ ಹಾಳೆಗಳ ಮೊತ್ತ 18,920, ಜಮೆ 19,370. ಪಕ್ಕದಲ್ಲೇ ಸಣ್ಣಕ್ಕೆ ಬರೆದಿದೆ: ‘ಹಿಂದಿನ ಪುಸ್ತಕದ್ದು 450 ಸೇರಿ’. ಚೀಲದಲ್ಲಿ ಜಾಸ್ತಿ ಉಳಿದದ್ದನ್ನು ಆಮೇಲೆ ಕಟ್ಟಿದ್ದಾರೆ. ಎರಡೂ ಪುಸ್ತಕ ಒಟ್ಟು ನೋಡಿದರೆ ಎರಡು ಕಡೆಯೂ 42,684. ಆದರೂ ರಟ್ಟಿನ ಮೊತ್ತವನ್ನು ನಾನು ತಿದ್ದಿಲ್ಲ, ‘ವ್ಯತ್ಯಾಸ’ ಕಾಲಂನಲ್ಲಿ ಹಾಗೇ ಇಟ್ಟಿದ್ದೇನೆ.

ಹೆಸರು ಒಂದಾದರೂ ಮನೆ ಹೆಸರು ಒಂದಾಗದೆ ಇಬ್ಬರನ್ನು ಸೇರಿಸುತ್ತಿಲ್ಲ. ನಮ್ಮ ಕಡೆ ಒಂದೇ ಹೆಸರಿನವರು ಎಷ್ಟು ಜನ ಅಲ್ವಾ! ಮುಂಬೈಯಲ್ಲಿರುವವರ ದುಡ್ಡು ಊರಿನ ತಮ್ಮನ ಕೈಯಲ್ಲಿ ಬಂದಿದ್ದರೆ ‘ಮೂಲಕ’ ಅಂತ ಬೇರೆ ಕಾಲಂ.

16ನೇ ಪುಸ್ತಕದ ಕೊನೆಯ ಹಾಳೆಗಳಿಗೆ ಗೆದ್ದಲು ಹಿಡಿದಿದೆ. ಜಮೆಯಿಂದ ಓದಲು ಬರುವ ರಶೀದಿಗಳನ್ನು ಕಳೆದು, ಉಳಿದದ್ದನ್ನು ‘ಹೆಸರು ಸಿಕ್ಕಿಲ್ಲ’ ಅಂತ ಒಂದೇ ಸಾಲಿನಲ್ಲಿ ಹಾಕುವುದು. ಊರವರಲ್ಲಿ ಯಾರಾದರೂ ಬಿಳಿ ಹಾಳೆ ಇಟ್ಟುಕೊಂಡಿದ್ದರೆ ಆ ಸಾಲಿನಿಂದ ಬಿಡಿಸಿ ಬರೆಯಬಹುದು.