ಸ್ಲೈಡ್‌ನಿಂದ ಯಾವ ಡೇಟಾ ತೆಗೆದೆ, ಯಾವುದನ್ನು ತೆಗೆಯಲಾಗಲಿಲ್ಲ

ನಮ್ಮ ವೆಬ್‌ಸೈಟ್‌ನಲ್ಲಿ ಹೊಸಬರು ನೋಂದಣಿಗೆ ಎರಡು ಪುಟದ ಫಾರ್ಮ್ ತುಂಬಬೇಕಿತ್ತು. ಅದನ್ನು ಒಂದೇ ಪುಟಕ್ಕೆ ಇಳಿಸಿ ಎರಡು ವಾರ ಪರೀಕ್ಷೆ ಮಾಡಿದೆವು. ಬಂದವರಲ್ಲಿ ಅರ್ಧ ಜನರಿಗೆ ಹಳೆಯ ಫಾರ್ಮ್, ಇನ್ನರ್ಧ ಜನರಿಗೆ ಹೊಸದು. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಫಲಿತಾಂಶವನ್ನು ಒಂದೇ ಸ್ಲೈಡ್‌ನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ಮಾಡಿದ ಸ್ಲೈಡ್‌ನಲ್ಲಿ ಎಲ್ಲವೂ ಇತ್ತು. ಮೊಬೈಲ್, ಕಂಪ್ಯೂಟರ್, ಐದು ವಯಸ್ಸಿನ ಗುಂಪು, ಒಂದೊಂದು ಖಾನೆ ತುಂಬಲು ಹಿಡಿದ ಸಮಯ, ತಪ್ಪಾಗಿ ತುಂಬಿದವರ ಲೆಕ್ಕ. ತಂಡದೊಳಗೇ ಒಮ್ಮೆ ತೋರಿಸಿದೆ. ಮೊದಲ ಪ್ರಶ್ನೆಯೇ ಬಲತುದಿಯ ಒಂದು ಕಂಬದ ಮೇಲೆ ಬಂತು: ‘60 ದಾಟಿದವರಲ್ಲಿ ಇಷ್ಟೊಂದು ಏರಿದೆಯಲ್ಲ, ಯಾಕೆ?’ ಆ ಗುಂಪಿನಲ್ಲಿ ಇದ್ದವರೇ ಕೆಲವೇ ಕೆಲವು ಜನ. ನಾಲ್ಕೈದು ಮಂದಿ ಆಚೀಚೆ ಆದರೂ ಕಂಬ ಕುಣಿಯುತ್ತದೆ. ಆದರೂ ಅರ್ಧ ಗಂಟೆಯ ಸಭೆಯಲ್ಲಿ ಇಪ್ಪತ್ತು ನಿಮಿಷ ಅದರ ಮೇಲೇ ಹೋಯ್ತು. ಫಾರ್ಮ್ ಬದಲಿಸಬೇಕಾ ಬೇಡವಾ ಅನ್ನುವ ಮಾತು ಕೊನೆಗೂ ಬರಲಿಲ್ಲ.

ಆಮೇಲೆ ನಾನು ಕೆಲಸದ ಕ್ರಮ ಬದಲಿಸಿದೆ. ಚಿತ್ರ ಮಾಡುವ ಮೊದಲು ಸ್ಲೈಡ್‌ನ ತಲೆಬರಹವನ್ನು ಒಂದು ಪೂರ್ತಿ ವಾಕ್ಯವಾಗಿ ಬರೆದುಕೊಂಡೆ. ‘ನೋಂದಣಿ ಪರೀಕ್ಷೆಯ ಫಲಿತಾಂಶ’ ಅಂತ ಬರೆದರೆ ಪ್ರಯೋಜನವಿಲ್ಲ, ಅದರಡಿ ಏನು ಬೇಕಾದರೂ ಹಾಕಬಹುದು. ನಾನು ಬರೆದದ್ದು ಹೀಗೆ: ‘ಒಂದು ಪುಟದ ಫಾರ್ಮ್‌ನಿಂದ ಮೊಬೈಲ್‌ನಲ್ಲಿ ನೋಂದಣಿ ಮುಗಿಸುವವರು ಶೇ. 31ರಿಂದ ಶೇ. 38ಕ್ಕೆ ಏರಿದ್ದಾರೆ.’ ಮೊಬೈಲ್‌ನಲ್ಲಿ ಹಳೆಯದನ್ನು ಕಂಡ 2000 ಜನರಲ್ಲಿ 620, ಹೊಸದನ್ನು ಕಂಡ 2000 ಜನರಲ್ಲಿ 760 ಮಂದಿ ಮುಗಿಸಿದ್ದರು.

ಈಗ ಒಂದೊಂದು ಡೇಟಾವನ್ನೂ ಕೈಯಿಂದ ಮುಚ್ಚಿ ನೋಡಿದೆ. ಇದನ್ನು ಮುಚ್ಚಿದರೆ ಆ ವಾಕ್ಯವನ್ನು ಓದುವವರು ಬೇರೆ ಥರ ಅರ್ಥ ಮಾಡಿಕೊಳ್ಳುತ್ತಾರಾ? ಇಲ್ಲ ಅಂದರೆ ತೆಗೆಯಬಹುದು. ಹೌದು ಅಂದರೆ ತೆಗೆಯುವ ಹಾಗಿಲ್ಲ.

ಖಾನೆ ತುಂಬುವ ಸಮಯ ಸುಲಭವಾಗಿ ಹೋಯ್ತು. ಯಾವ ಖಾನೆಯಲ್ಲಿ ಜನ ತಡೆದು ನಿಲ್ಲುತ್ತಾರೆ ಅನ್ನೋದು ಒಳ್ಳೆಯ ವಿಷಯವೇ, ಆದರೆ ಅದು ಇನ್ನೊಂದು ಮಾತು, ಅದಕ್ಕೆ ಇನ್ನೊಂದು ಸ್ಲೈಡ್ ಬೇಕು. ವಯಸ್ಸಿನ ಗುಂಪುಗಳೂ ಹೋದವು. ಚಿಕ್ಕ ಗುಂಪು ಅನ್ನೋದು ಒಂದು ಕಾರಣ. ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ: ವಯಸ್ಸು ನೋಡಬೇಕು ಅಂತ ಪರೀಕ್ಷೆಗೆ ಮೊದಲು ನಾವು ಬರೆದಿಟ್ಟಿರಲಿಲ್ಲ. ಫಲಿತಾಂಶ ಬಂದಮೇಲೆ ಐದಾರು ಥರ ಸೀಳಿ ನೋಡಿದರೆ ಎಲ್ಲೋ ಒಂದು ಕಡೆ ದೊಡ್ಡ ಏರಿಕೆ ಸುಮ್ನೆ ಆಕಸ್ಮಿಕವಾಗಿಯೇ ಸಿಕ್ಕಿಬಿಡಬಹುದು. ಮೊಬೈಲ್ ಮತ್ತು ಕಂಪ್ಯೂಟರ್ ಬೇರೆ ಬೇರೆ ನೋಡಬೇಕು ಅನ್ನೋದು ಮಾತ್ರ ಮೊದಲೇ ತೀರ್ಮಾನ ಆಗಿತ್ತು.

ಕಂಪ್ಯೂಟರ್ ಲೆಕ್ಕವನ್ನೂ ನಾನು ತೆಗೆದಿದ್ದೆ. ವಾಕ್ಯ ಮೊಬೈಲ್ ಬಗ್ಗೆ ತಾನೇ, ಇದು ಯಾಕೆ ಅಂತ. ಪಕ್ಕದ ಸಹೋದ್ಯೋಗಿ ನೋಡಿ, ‘ಕಂಪ್ಯೂಟರ್‌ನವರು ಎಲ್ಲಿ ಹೋದರು?’ ಅಂದರು. ‘ಅಲ್ಲಿ ಏನೂ ಬದಲಾಗಿಲ್ಲ, ಅದಕ್ಕೇ ಬಿಟ್ಟೆ’ ಅಂದೆ. ‘ಹಾಗಾದ್ರೆ ಇದನ್ನ ನೋಡಿದವರು ಎರಡೂ ಕಡೆ ಹೊಸ ಫಾರ್ಮ್ ಹಾಕಿ ಅಂತಾರೆ, ಅಲ್ವಾ?’ ಅಂದರು. ಅವರ ಮಾತು ಸರಿ. ಮುಚ್ಚಿದಾಗ ವಾಕ್ಯ ಸುಳ್ಳಾಗಲಿಲ್ಲ, ಆದರೆ ಇರುವುದಕ್ಕಿಂತ ದೊಡ್ಡದಾಗಿ ಕೇಳಿಸುತ್ತಿತ್ತು. ಬದಲಾವಣೆ ಕಾಣದ ಜೋಡಿ ಪಕ್ಕದಲ್ಲಿದ್ದರೆ ತಾನೇ ‘ಮೊಬೈಲ್‌ನಲ್ಲಿ’ ಅನ್ನುವ ಪದಕ್ಕೆ ಬೆಲೆ. ಆ ಎರಡು ಕಂಬ ವಾಪಸ್ ಬಂದವು, ಬೂದು ಬಣ್ಣದಲ್ಲಿ.

ನಿಜವಾದ ತಲೆನೋವು ಉಳಿದದ್ದು ತಪ್ಪಾಗಿ ತುಂಬಿದವರ ಲೆಕ್ಕ. ಫಾರ್ಮ್ ಮುಗಿಸಿದವರಲ್ಲಿ ಕೆಲವರ ಫೋನ್ ನಂಬರ್ ತಪ್ಪಾಗಿತ್ತು. ನಾವು ಕಳಿಸುವ ದೃಢೀಕರಣದ ಮೆಸೇಜ್ ಅವರಿಗೆ ತಲುಪುವುದೇ ಇಲ್ಲ, ಹಾಗಾಗಿ ಖಾತೆ ಶುರುವೂ ಆಗುವುದಿಲ್ಲ. ಮೊಬೈಲ್‌ನಲ್ಲಿ ಹಳೆಯ ಫಾರ್ಮ್‌ನಿಂದ ಇಂಥವರು 20, ಹೊಸದರಿಂದ 60. ಕಾರಣವೂ ಗೊತ್ತಾಯ್ತು. ಹಳೆಯ ಫಾರ್ಮ್‌ನ ಎರಡನೇ ಪುಟದಲ್ಲಿ ‘ನಿಮ್ಮ ನಂಬರ್ ಇದೇನಾ?’ ಅಂತ ಒಮ್ಮೆ ತೋರಿಸುತ್ತಿದ್ದೆವು. ಪುಟ ತೆಗೆದಾಗ ಅದೂ ಹೋಗಿತ್ತು.

ಇದನ್ನು ಸ್ಲೈಡ್‌ನಿಂದ ಬಿಡಬಹುದಾ? ಒಂದು ಇಡೀ ಮಧ್ಯಾಹ್ನ ಇದರ ಮೇಲೆ ಕೂತೆ. ‘ಇದು ಬೇರೆ ವಿಷಯ, ಇನ್ನೊಂದು ಸ್ಲೈಡ್‌ಗೆ ಹಾಕೋಣ’ ಅಂತ ಮನಸ್ಸು ಹೇಳುತ್ತಿತ್ತು. ಖಾನೆಯ ಸಮಯವನ್ನು ತೆಗೆಯುವಾಗಲೂ ಇದೇ ಮಾತು ಹೇಳಿದ್ದೆ, ಆಗ ಅದು ಸರಿಯಾಗಿತ್ತು. ಇಲ್ಲಿ ಸರಿಯಲ್ಲ. ‘ಮುಗಿಸಿದವರು’ ಅಂತ ನಾನು ಎಣಿಸಿದ 760 ಜನರೊಳಗೇ ಆ 60 ಮಂದಿ ಕೂತಿದ್ದರು. ಸಮಯದ ಡೇಟಾ ನನ್ನ ಸಂಖ್ಯೆಯನ್ನು ಮುಟ್ಟುವುದಿಲ್ಲ, ಇದು ಮುಟ್ಟುತ್ತದೆ. ಮುಚ್ಚಿಟ್ಟರೆ ಶೇ. 38 ಅನ್ನೋದೇ ಉಬ್ಬಿದ ಸಂಖ್ಯೆ.

ಹಾಗಂತ ತಪ್ಪುಗಳ ಕಂಬವನ್ನೂ ಸ್ಲೈಡ್‌ಗೆ ಹಾಕಿದರೆ ಎರಡು ಮಾತು ಆಗುತ್ತವೆ: ಮುಗಿಸುವವರು ಜಾಸ್ತಿ, ತಪ್ಪೂ ಜಾಸ್ತಿ. ಕೇಳುವವರು ತಲೆಯಲ್ಲೇ ಕಳೆಯುವ ಲೆಕ್ಕ ಮಾಡಬೇಕು. ಅದನ್ನು ನಾನೇ ಮಾಡಿಬಿಟ್ಟೆ. ‘ಮುಗಿಸಿದವರು’ ಬದಲು ‘ನಂಬರ್ ದೃಢವಾಗಿ ಖಾತೆ ಶುರುವಾದವರು’ ಅಂತ ಎಣಿಸಿದೆ. 620ರಲ್ಲಿ 20 ಹೋಗಿ 600, ಅಂದರೆ ಶೇ. 30. 760ರಲ್ಲಿ 60 ಹೋಗಿ 700, ಅಂದರೆ ಶೇ. 35. ಕಂಪ್ಯೂಟರ್‌ನಲ್ಲಿ ಒಂದೊಂದು ಕಡೆ 1000 ಜನ ಇದ್ದರು. ಅಲ್ಲಿ ಹಳೆಯದರಿಂದ 510, ಹೊಸದರಿಂದ 500.

ಏರಿಕೆ ನೂರಕ್ಕೆ ಏಳು ಜನರಿಂದ ಐದಕ್ಕೆ ಇಳಿಯಿತು. ಬೇಜಾರಾಯ್ತು, ನಿಜ. ಆದರೆ ಈಗ ತಪ್ಪುಗಳು ಸಂಖ್ಯೆಯ ಒಳಗೇ ಸೇರಿಕೊಂಡಿವೆ. ಬೇರೆ ಕಂಬ ಬೇಕಿಲ್ಲ, ಮುಚ್ಚಿಟ್ಟ ಹಾಗೂ ಆಗಲಿಲ್ಲ. ನನ್ನ ಮಾತಿಗೆ ಎದುರು ನಿಲ್ಲುವ ಡೇಟಾ ಸಿಕ್ಕಾಗ ಈಗ ನಾನು ಮೊದಲು ನೋಡುವುದೇ ಇದನ್ನು, ಅದನ್ನು ಅಳತೆಯೊಳಗೆ ಸೇರಿಸಲು ಬರುತ್ತದಾ ಅಂತ. ಬರದಿದ್ದರೆ ತಲೆಬರಹವನ್ನೇ ಬದಲಿಸಬೇಕು.

ಇನ್ನೊಂದನ್ನು ಬಿಡಲಿಲ್ಲ: ಅನಿಶ್ಚಿತತೆಯ ಗೆರೆ. ಮೊಬೈಲ್‌ನ ಆ ಐದು, ಶೇ. 95ರ ಲೆಕ್ಕದಲ್ಲಿ ಸುಮಾರು ಎರಡರಿಂದ ಎಂಟರ ನಡುವೆ ಎಲ್ಲಾದರೂ ಇರಬಹುದು, ಸೊನ್ನೆ ಅದರೊಳಗೆ ಬರುವುದಿಲ್ಲ. ಕಂಪ್ಯೂಟರ್‌ನದು ಮೈನಸ್ ಐದರಿಂದ ಪ್ಲಸ್ ಮೂರರವರೆಗೆ ಹರಡಿದೆ. ಹಾಗಾಗಿ ಅಲ್ಲಿ ‘ಪರಿಣಾಮ ಇಲ್ಲ’ ಅಂತ ಬರೆಯದೆ ‘ವ್ಯತ್ಯಾಸ ಕಂಡಿಲ್ಲ’ ಅಂತ ಬರೆದೆ. ಇವೆರಡೂ ಒಂದೇ ಅಲ್ಲ. ಗೆರೆ ತೆಗೆದರೆ 51 ಮತ್ತು 50 ನೋಡಿ ಯಾರಾದರೂ ‘ಕಂಪ್ಯೂಟರ್‌ನಲ್ಲಿ ಇಳಿದಿದೆ’ ಅಂತ ಓದಿಬಿಡುತ್ತಾರೆ.

ಕೊನೆಗೆ ಸ್ಲೈಡ್‌ನಲ್ಲಿ ಉಳಿದದ್ದು ನಾಲ್ಕು ಕಂಬ, ಅವುಗಳ ಗೆರೆಗಳು, ಕೆಳಗೆ ಒಂದು ಸಾಲು: ಎಷ್ಟು ಜನ, ಎಷ್ಟು ದಿನ, ಏನನ್ನು ಎಣಿಸಿದ್ದು. ತೆಗೆದದ್ದೆಲ್ಲ ಕೊನೆಯ ಹೆಚ್ಚುವರಿ ಪುಟಗಳಿಗೆ ಹೋಯ್ತು, 620 ಮತ್ತು 760ರ ಮೂಲ ಲೆಕ್ಕವೂ ಅಲ್ಲೇ. ಯಾರಾದರೂ ಕೇಳಿದರೆ ಒಂದೇ ಕ್ಲಿಕ್‌ನಲ್ಲಿ ತೆರೆಯುವ ಹಾಗೆ ಇಟ್ಟಿದ್ದೆ.

ಸಭೆಯಲ್ಲಿ ಮುಖ್ಯಸ್ಥರು ನಾಲ್ಕು ಕಂಬವನ್ನು ಸ್ವಲ್ಪ ಹೊತ್ತು ನೋಡಿ, ‘ಕಂಪ್ಯೂಟರ್‌ನಲ್ಲಿ ಹಳೆಯದೇ ಇರಲಿ, ಮೊಬೈಲ್‌ಗೆ ಹೊಸದು ಹಾಕೋಣ. ಏರಿಕೆ ಇನ್ನೂ ಜಾಸ್ತಿ ಇರಬೇಕಿತ್ತಲ್ಲ, ಎಲ್ಲಿ ಸೋರ್ತಾ ಇದೆ?’ ಅಂದರು. ನಾನು ಹೆಚ್ಚುವರಿ ಪುಟ ತೆರೆದು ಆ 60 ಜನರನ್ನು ತೋರಿಸಿದೆ. ನಂಬರ್ ಮತ್ತೊಮ್ಮೆ ತೋರಿಸುವ ಸಾಲನ್ನು ಅದೇ ಒಂದು ಪುಟದೊಳಗೆ ಸೇರಿಸಿ ಇನ್ನೊಂದು ಪರೀಕ್ಷೆ ಮಾಡುವುದು ಅಂತ ಆಯ್ತು. ಈ ಸಲ ಏನನ್ನು ಎಣಿಸಬೇಕು ಅನ್ನೋದನ್ನು ಶುರುವಿಗೆ ಮೊದಲೇ ಬರೆದಿಟ್ಟಿದ್ದೇವೆ.